ನೋಡುಗರು ಎದ್ದು ಹೋದ ಜಾಗ

ಕಳೆದ ಸೆಮಿಸ್ಟರ್ ಕೊನೆಯಲ್ಲಿ ನಡೆದ ನಮ್ಮ ಬಳಗದ ಸಭೆಯಲ್ಲಿ ಒಂದು ತೀರ್ಮಾನ ಹೆಚ್ಚುಕಡಿಮೆ ಆಗಿಯೇ ಹೋಗಿತ್ತು. ಮುಂದಿನ ಸೆಮಿಸ್ಟರ್‌ನಿಂದ ಚಾನೆಲ್‌ನ ವಿಡಿಯೊಗಳೆಲ್ಲ ಇಂಗ್ಲಿಷ್‌ನಲ್ಲಿ ಬರಬೇಕು, ಕನ್ನಡ ಬರೀ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಸಾಕು ಅಂತ. ಮಾತು ಶುರು ಮಾಡಿದ ಸೀನಿಯರ್ ಕನ್ನಡದ್ವೇಷಿ ಏನಲ್ಲ, ಚಾನೆಲ್ ಹುಟ್ಟಿಸಿದವರಲ್ಲೇ ಒಬ್ಬರು. ಅವರ ಕೈಯಲ್ಲಿ ಒಂದು ಅಂಕಿ ಇತ್ತು. "ನೋಡ್ರೋ, 12 ನಿಮಿಷದ ವಿಡಿಯೊದಲ್ಲಿ ಸರಾಸರಿ 4 ನಿಮಿಷಾನೂ ಯಾರೂ ಕೂರ್ತಿಲ್ಲ. ಕನ್ನಡದಲ್ಲಿ ಟೆಕ್ನಿಕಲ್ ವಿಷಯ ನೋಡೋರೇ ಇಲ್ಲ. ಯಾರಿಗೋಸ್ಕರ ರಾತ್ರಿಯೆಲ್ಲಾ ಎಡಿಟ್ ಮಾಡೋದು?" ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆ ವಿಡಿಯೊ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಬಗ್ಗೆ. ಫ್ಯಾನ್ ನಿಧಾನವಾಗಿ ತಿರುಗ್ತಾ ಇದ್ದರೆ, ಇಲ್ಲಾ ಕೈಯಿಂದ ತಳ್ಳಿದರೆ ಮಾತ್ರ ಶುರುವಾಗ್ತಾ ಇದ್ದರೆ ಎಷ್ಟೋ ಸಲ ತಪ್ಪು ಅದರದ್ದೇ. ನಮ್ಮ ಮನೆಗಳ ಫ್ಯಾನ್‌ಗಳಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು ಇರುತ್ತೆ. ಅದನ್ನು ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಅಳೆದು, ಹಾಳಾಗಿದ್ದರೆ ಹೊಸದು ಹಾಕೋದು ಹೇಗೆ ಅಂತ ತೋರಿಸಿದ್ದೆವು.

ಸಭೆಯ ಮಾರನೇ ದಿನ ಆ ವಿಡಿಯೊ ಕೆಳಗೆ ಒಂದು ಕಮೆಂಟ್ ಬಂತು. "ಸ್ವಿಚ್ ಆಫ್ ಮಾಡೇ ಬಿಚ್ಚಿದ್ದು ಬ್ರದರ್, ಆದ್ರೂ ಶಾಕ್ ಹೊಡೀತು. ಸ್ಟೂಲ್ ಮೇಲಿಂದ ಬೀಳ್ತಿದ್ದೆ. ಇದನ್ನೆಲ್ಲ ಮೊದಲೇ ಹೇಳ್ಬೇಕಲ್ವಾ?"

ಓದಿ ಎದೆ ಧಸಕ್ ಅಂತು. ಯಾಕಂದ್ರೆ ನಾವು ಹೇಳಿದ್ದೆವು. ವಿಡಿಯೊದ 4:05ರಲ್ಲಿ ನಾನೇ ಕ್ಯಾಮೆರಾ ಮುಂದೆ ನಿಂತು ಹೇಳಿದ್ದೀನಿ: ಹಳೇ ಮನೆಗಳಲ್ಲಿ ಕೆಲವೊಮ್ಮೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿರ್ತಾರೆ, ಅಂಥ ಕಡೆ ಸ್ವಿಚ್ ಆಫ್ ಆದ್ರೂ ಫ್ಯಾನಿನವರೆಗೆ ಕರೆಂಟ್ ಇದ್ದೇ ಇರುತ್ತೆ, ಅದಕ್ಕೇ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ ಅಂತ. ಕಮೆಂಟ್ ಹಾಕಿದವರು ಅದನ್ನು ನೋಡಿಯೇ ಇರಲಿಲ್ಲ. "ವಿಡಿಯೊ ಪೂರ್ತಿ ನೋಡದೆ ಕೆಲಸಕ್ಕೆ ಕೈ ಹಾಕಿದ್ದು ನಿಮ್ಮ ತಪ್ಪು" ಅಂತ ಉತ್ತರ ಟೈಪ್ ಮಾಡಿದ್ದೆ. ಕಳಿಸೋ ಮೊದಲು, ಇವರೊಬ್ಬರೇನಾ ಬಿಟ್ಟು ಹೋಗಿದ್ದು ಅಂತ ನೋಡೋಣ ಅನ್ನಿಸಿ ಯೂಟ್ಯೂಬ್ ಸ್ಟುಡಿಯೊದಲ್ಲಿ ರಿಟೆನ್ಶನ್ ಗ್ರಾಫ್ ತೆಗೆದೆ. ಉತ್ತರ ಅಳಿಸಿಬಿಟ್ಟೆ.

ಈ ಗ್ರಾಫ್‌ ಅನ್ನು ಎಲ್ಲರೂ ನೋಡಿರ್ತಾರೆ, ಓದಿರೋರು ಕಡಿಮೆ. ಅಡ್ಡ ಅಕ್ಷದಲ್ಲಿ ವಿಡಿಯೊದ ಸಮಯ. ಉದ್ದ ಅಕ್ಷದಲ್ಲಿ, ಆ ಕ್ಷಣವನ್ನು ಎಷ್ಟು ಸಲ ನೋಡಲಾಯಿತು ಅನ್ನೋದನ್ನು ಒಟ್ಟು ವೀಕ್ಷಣೆಗಳಿಂದ ಭಾಗಿಸಿದಾಗ ಬರುವ ಶೇಕಡಾ. ಇದು ಸಿನಿಮಾ ಹಾಲ್‌ನಲ್ಲಿ ತಲೆ ಎಣಿಸಿದ ಹಾಗಲ್ಲ. ಒಬ್ಬರೇ ಒಂದು ಜಾಗವನ್ನು ಹಿಂದೆ ಎಳೆದು ಮೂರು ಸಲ ನೋಡಿದರೆ ಅಲ್ಲಿ ಮೂರು ಸೇರುತ್ತೆ. ಮುಂದಕ್ಕೆ ಜಿಗಿದರೆ ಮಧ್ಯದ ಜಾಗದಲ್ಲಿ ಸೊನ್ನೆ. ಹಾಗಾಗಿ ಗೆರೆ ಬರೀ ಇಳೀತಾ ಹೋಗಬೇಕು ಅಂತೇನಿಲ್ಲ, ಮೇಲಕ್ಕೂ ಏರಬಹುದು, ಕೆಲವೊಮ್ಮೆ 100 ದಾಟಲೂಬಹುದು.

ಇನ್ನೊಂದು ವಿಷಯ ನಮ್ಮಂಥ ಇಂಜಿನಿಯರಿಂಗ್ ಮಂದಿಗೆ ಇಷ್ಟ ಆಗುತ್ತೆ. ಸರಾಸರಿ ವೀಕ್ಷಣಾ ಅವಧಿ ಅಂದರೆ ಈ ಗೆರೆಯ ಕೆಳಗಿನ ಕ್ಷೇತ್ರಫಲವೇ, ಬೇರೆ ಏನೂ ಅಲ್ಲ.

```
ಸರಾಸರಿ ಅವಧಿ = ∫ r(t) dt      (t = 0 ಇಂದ L ವರೆಗೆ)
ವಾಚ್ ಟೈಮ್   = ವೀಕ್ಷಣೆಗಳು × ಸರಾಸರಿ ಅವಧಿ
```

ನಮ್ಮ ವಿಡಿಯೊದ ಉದ್ದ 720 ಸೆಕೆಂಡ್, ಸರಾಸರಿ 231 ಸೆಕೆಂಡ್, ಅಂದರೆ 3:51. ವೀಕ್ಷಣೆ 640. ಒಟ್ಟು ವಾಚ್ ಟೈಮ್ ಸುಮಾರು 41 ಗಂಟೆ. ಸೀನಿಯರ್ ಹಿಡಿದುಕೊಂಡಿದ್ದು ಈ 3:51 ಅನ್ನೇ. ಅಂಕಿ ಸುಳ್ಳಲ್ಲ. ಆದರೆ ಒಂದು ಇಡೀ ಗೆರೆಯನ್ನು ಒಂದೇ ಸಂಖ್ಯೆಗೆ ಇಳಿಸಿದಾಗ ಅದರ ಆಕಾರ ಕಳೆದುಹೋಗುತ್ತೆ. ಜನ ಎಲ್ಲಿ ಎದ್ದು ಹೋದರು ಅನ್ನೋದು ಇರೋದು ಆ ಆಕಾರದಲ್ಲಿ.

ನಮ್ಮ ಗೆರೆಯಲ್ಲಿ ನಾಲ್ಕು ಜಾಗ ಕಣ್ಣಿಗೆ ಬಿದ್ದವು.

ಮೊದಲನೆಯದು ಶುರುವಿನಲ್ಲೇ. 30ನೇ ಸೆಕೆಂಡಿಗೆ ಉಳಿದಿದ್ದು ಶೇ. 52. 1:05ಕ್ಕೆ ಶೇ. 41. ಶುರುವಿನಲ್ಲಿ ಗೆರೆ ಬೀಳೋದು ಎಲ್ಲರಿಗೂ ಇದ್ದದ್ದೇ, ತಪ್ಪಿ ಒತ್ತಿದವರು, ಬೇರೇನೋ ಹುಡುಕ್ತಿದ್ದವರು ಹೋಗೇ ಹೋಗ್ತಾರೆ. ಆದರೆ ಅಷ್ಟು ಹೊತ್ತು ನಾವು ತೋರಿಸಿದ್ದೇನು? 22 ಸೆಕೆಂಡ್ ಬಳಗದ ಲೋಗೊ, ಅದಕ್ಕೊಂದು ಸಂಗೀತ. ಆಮೇಲೆ 43 ಸೆಕೆಂಡ್ ನಾಲ್ಕು ಜನರ ಪರಿಚಯ, ಕಾಲೇಜಿನ ಹೆಸರು, ಬ್ರಾಂಚು, ಲೈಕ್ ಮಾಡಿ, ಸಬ್‌ಸ್ಕ್ರೈಬ್ ಆಗಿ. ಮನೇಲಿ ಫ್ಯಾನ್ ಕೆಟ್ಟು ಬೆವರು ಸುರೀತಾ ಕೂತಿರೋರ ಮುಂದೆ ನಾವು ಸ್ವಾಗತ ಭಾಷಣ ಮಾಡ್ತಾ ಇದ್ದೆವು.

ಇಲ್ಲೊಂದು ಮೋಸ ಇದೆ, ಅದರಲ್ಲಿ ನಾವೂ ಬಿದ್ದಿದ್ದೆವು. ಶುರುವಿನ 30 ಸೆಕೆಂಡಿನ ಬಗ್ಗೆ ಸ್ಟುಡಿಯೊ ಒಂದು ಹೋಲಿಕೆ ಕೊಡುತ್ತೆ, ನಮ್ಮದು "ಸಾಮಾನ್ಯ ಮಟ್ಟದಲ್ಲಿದೆ" ಅಂತ ತೋರಿಸ್ತಾ ಇತ್ತು. ಹಾಗಾದ್ರೆ ಪರವಾಗಿಲ್ಲ ಅಂದುಕೊಂಡಿದ್ದೆವು. ಆದರೆ ಆ ಹೋಲಿಕೆ ಜಗತ್ತಿನ ಜೊತೆ ಅಲ್ಲ, ಅಷ್ಟೇ ಉದ್ದದ ನಮ್ಮದೇ ಹಿಂದಿನ ಹತ್ತು ವಿಡಿಯೊಗಳ ಜೊತೆ. ಹತ್ತರಲ್ಲೂ ಅದೇ ಲೋಗೊ, ಅದೇ ಭಾಷಣ. ಎಲ್ಲವೂ ಒಂದೇ ಥರ ಕೆಟ್ಟಿದ್ದರೆ ಕೆಟ್ಟಿದ್ದೇ ಸಾಮಾನ್ಯ!

ಎರಡನೆಯದು ಒಂದು ಹಳ್ಳ, ಈ ಲೇಖನ ಬರೆಯೋಕೆ ಕಾರಣವೇ ಅದು. 1:05ರಿಂದ 3:40ರವರೆಗೆ ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್ ಪಾಠ ಇತ್ತು. ಒಂದೇ ವೈಂಡಿಂಗ್‌ಗೆ ಎಸಿ ಕೊಟ್ಟರೆ ಕಾಂತಕ್ಷೇತ್ರ ಹಿಂದೆ ಮುಂದೆ ಆಡುತ್ತೆ ಹೊರತು ಸುತ್ತಲ್ಲ, ಕೆಪಾಸಿಟರ್ ಇನ್ನೊಂದು ವೈಂಡಿಂಗ್‌ನ ಕರೆಂಟನ್ನು ಫೇಸ್‌ನಲ್ಲಿ ಸರಿಸಿದಾಗಲೇ ಸುತ್ತೋ ಕ್ಷೇತ್ರ ಹುಟ್ಟೋದು ಅಂತೆಲ್ಲ. ಗೆರೆ 41ರಿಂದ 27ಕ್ಕೆ ಇಳೀತು. 3:40ಕ್ಕೆ ಮೇನ್ ಆಫ್ ಮಾಡೋ ಭಾಗ ಶುರುವಾದಾಗ 30. 5:10ಕ್ಕೆ ಮಲ್ಟಿಮೀಟರ್ ಕೈಗೆ ಬಂದಾಗ 39.

ಇಳಿದದ್ದು ಮತ್ತೆ ಏರಿತು ಅನ್ನೋದನ್ನು ಗಮನಿಸಿ. ಎದ್ದು ಹೋದವರು ವಾಪಸ್ ಬರೋದು ಅಪರೂಪ. ಗೆರೆ ಬಿದ್ದು, ಬಿದ್ದಲ್ಲೇ ಉಳಿದರೆ ಅದು ಪ್ರಪಾತ, ಜನ ಹೋದರು. ಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಹಳೇ ಮಟ್ಟದ ಹತ್ತಿರ ಬಂದರೆ ಅದು ಹಳ್ಳ, ಜನ ಅದನ್ನು ಹಾರಿ ಆಚೆ ದಡಕ್ಕೆ ಇಳಿದರು. ಎರಡಕ್ಕೂ ಔಷಧಿ ಬೇರೆ. ಪ್ರಪಾತದಲ್ಲಿ ಜನಕ್ಕೆ ವಿಡಿಯೊನೇ ಬೇಡವಾಯ್ತು. ಹಳ್ಳದಲ್ಲಿ ವಿಡಿಯೊ ಬೇಕು, ಆ ಭಾಗ ಈಗ ಬೇಡ.

ನಮ್ಮ ಹಳ್ಳ ಪಾಠದ ಜೊತೆ ಮುಗಿದಿರಲಿಲ್ಲ, ಅದೇ ಅನಾಹುತ. ಬೆರಳಲ್ಲಿ ಮುಂದಕ್ಕೆ ಎಳೆಯೋರಿಗೆ ಪಾಠ ಎಲ್ಲಿ ಮುಗೀತು, ಎಚ್ಚರಿಕೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಕೆಳಗೆ ಚಿಕ್ಕ ಚಿತ್ರದಲ್ಲಿ ಮೀಟರ್ ಕಂಡಾಗ ನಿಲ್ಲಿಸ್ತಾರೆ. 4:05ರಲ್ಲಿ ನಾನು ಮೇನ್ ಆಫ್ ಮಾಡಿ ಅಂತಿದ್ದಾಗ ಇದ್ದದ್ದು 30ರ ಚಿಲ್ಲರೆ, ಮೀಟರ್ ಬಂದಾಗ 39. ಅಂದರೆ ಮೀಟರ್ ಇಡೋದನ್ನು ನೋಡಿದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಎಚ್ಚರಿಕೆ ನೋಡಿಲ್ಲ. ಶಾಕ್ ಹೊಡೆಸಿಕೊಂಡವರು ಒಬ್ಬರೇ ಬರೆದದ್ದು, ಆದರೆ ಅವರ ಸಾಲಿನಲ್ಲಿ ಬೇಕಾದಷ್ಟು ಜನ ಇದ್ದರು. ತಪ್ಪು ಅವರದ್ದು ಅಂತ ಹೇಗೆ ಬರೆಯೋದು? ಎರಡೂವರೆ ನಿಮಿಷದ ಪಾಠದ ಹಿಂದೆ ಎಚ್ಚರಿಕೆ ಇಟ್ಟವರು ನಾವು.

ಮೂರನೆಯದು ಒಂದು ಉಬ್ಬು. 6:05ರ ಸುತ್ತ ಗೆರೆ 48ಕ್ಕೆ ಹೋಗಿ ಮತ್ತೆ ಇಳಿದಿತ್ತು. ನೋಡಿದ ತಕ್ಷಣ ಖುಷಿಯಾಯ್ತು, ಜನಕ್ಕೆ ಇಷ್ಟವಾದ ಜಾಗ ಅಂತ. ವಿಡಿಯೊದಲ್ಲಿ ಆ ಜಾಗ ತೆಗೆದು ನೋಡಿದ್ರೆ ಮೀಟರ್‌ನ ನಾಬ್ ತಿರುಗಿಸ್ತಾ ಇದ್ದೀವಿ, ಗೆಳೆಯನ ಹೆಬ್ಬೆರಳು ಸರಿಯಾಗಿ ರೇಂಜ್ ಬರೆದಿರೋ ಕಡೆಯೇ ಮುಚ್ಚಿದೆ. ಯಾವ ರೇಂಜಿಗೆ ಇಟ್ಟರು ಅಂತ ಕಾಣದೆ ಜನ ಹಿಂದೆ ಎಳೆದು ಎಳೆದು ನೋಡಿದ್ದಾರೆ. ಉಬ್ಬು ಅಂದರೆ ಮೆಚ್ಚುಗೆಯೂ ಆಗಬಹುದು, ಅರ್ಥವಾಗದ ಒದ್ದಾಟವೂ ಆಗಬಹುದು. ಗ್ರಾಫ್ ಜಾಗ ಹೇಳುತ್ತೆ, ಕಾರಣ ಹೇಳಲ್ಲ. ಕಾರಣ ಬೇಕಂದ್ರೆ ಆ ಜಾಗವನ್ನೇ ನೋಡಬೇಕು, ಕಮೆಂಟ್ ಓದಬೇಕು. "ಯಾವ ರೇಂಜ್ ಸರ್?" ಅಂತ ಇಬ್ಬರು ಕೇಳಿಯೂ ಇದ್ದರು, ನಾವು ಲೈಕ್ ಕೊಟ್ಟು ಸುಮ್ಮನಾಗಿದ್ದೆವು.

ಜಾಗ ಹುಡುಕುವಾಗ ಅಳತೆಗೋಲಿನ ಮಿತಿಯೂ ಗೊತ್ತಿರಬೇಕು. ಯೂಟ್ಯೂಬ್‌ನ ಅನಾಲಿಟಿಕ್ಸ್ ಎಪಿಐನಿಂದ ಇದೇ ಡೇಟಾ ತೆಗೆದರೆ, ವಿಡಿಯೊ ಎಷ್ಟೇ ಉದ್ದ ಇರಲಿ, `elapsedVideoTimeRatio` 0.01ರಿಂದ 1.0ವರೆಗೆ 100 ಬಿಂದುಗಳಷ್ಟೇ ಸಿಗೋದು. 12 ನಿಮಿಷದ ವಿಡಿಯೊದಲ್ಲಿ ಒಂದು ಬಿಂದು ಅಂದರೆ 7.2 ಸೆಕೆಂಡ್. ಒಂದು ಗಂಟೆಯ ಲೆಕ್ಚರ್ ಆದರೆ 36 ಸೆಕೆಂಡ್. "ನಾನು ಈ ಪದ ಹೇಳಿದ್ದಕ್ಕೇ ಹೋದರು" ಅನ್ನುವಷ್ಟು ಸೂಕ್ಷ್ಮ ಇದರಲ್ಲಿ ಇಲ್ಲ. ಜೊತೆಗೆ, ಬೇಸರ ಬಂದ ಕ್ಷಣಕ್ಕೇ ಯಾರೂ ಎದ್ದು ಹೋಗಲ್ಲ, ಸ್ವಲ್ಪ ಸಹಿಸಿಕೊಂಡು ಆಮೇಲೆ ಹೋಗ್ತಾರೆ. ಗೆರೆ ಬಿದ್ದ ಜಾಗದಿಂದ ಒಂದು 20 ಸೆಕೆಂಡ್ ಹಿಂದಿನಿಂದ ನೋಡೋ ಅಭ್ಯಾಸ ಮಾಡಿಕೊಂಡೆವು.

ನಾಲ್ಕನೆಯದು ಕೊನೆಯಲ್ಲಿ. 9:20ರವರೆಗೆ 31 ಇದ್ದದ್ದು 9:35ಕ್ಕೆ 14. ಅಂಕಗಳಲ್ಲಿ ನೋಡಿದರೆ 17 ಹೋಯ್ತು, ಶುರುವಿನ 48ರ ಮುಂದೆ ಚಿಕ್ಕದು. ಆದರೆ ಲೆಕ್ಕ ಹಾಗೆ ಹಾಕಬಾರದು. ಆ ಹೊತ್ತಿಗೆ ಕೂತಿದ್ದವರಲ್ಲಿ ಎಷ್ಟು ಪಾಲು ಹೋದರು ಅಂತ ನೋಡಬೇಕು. 31ರಲ್ಲಿ 17 ಅಂದರೆ ಅರ್ಧಕ್ಕಿಂತ ಹೆಚ್ಚು, ಶೇ. 55. ಹದಿನೈದು ಸೆಕೆಂಡಿನಲ್ಲಿ ಅರ್ಧ ಹಾಲ್ ಖಾಲಿ. ಆಗ ನಾವು ಹೇಳ್ತಾ ಇದ್ದದ್ದು: "ಹಾಗಾದ್ರೆ ಸ್ನೇಹಿತರೇ, ಇವತ್ತಿನ ವಿಡಿಯೊದಲ್ಲಿ ನಾವು ಏನೇನು ತಿಳ್ಕೊಂಡ್ವಿ ಅಂದ್ರೆ..."

ಊಟ ಮುಗಿದು ಎಲೆ ಮಡಚಿದ ಮೇಲೆ ಜನ ಏಳೋದು ತಪ್ಪಾ? ಬಂದ ಕೆಲಸ ಆಗಿತ್ತು. ಪಾಲಿನ ಲೆಕ್ಕದಲ್ಲಿ ಇದೇ ಅತಿ ದೊಡ್ಡ ಬೀಳು, ಆದರೆ ಇದು ರೋಗವೇ ಅಲ್ಲ. ಜನ ಯಾಕೆ ಹೋದರು ಅಂತ ಕೇಳೋದಕ್ಕಿಂತ, ಅವರ ಕೆಲಸ ಮುಗಿದ ಮೇಲೂ ನಾವು ಯಾಕೆ ಎರಡೂವರೆ ನಿಮಿಷ ಮಾತಾಡಿದೆವು ಅಂತ ಕೇಳಬೇಕಿತ್ತು.

ಈಗ ಸೀನಿಯರ್ ಕೇಳಿದ ಪ್ರಶ್ನೆಗೆ ಬರೋಣ: ಜನ ಹೋಗಿದ್ದು ಕನ್ನಡದ ಕಾರಣಕ್ಕಾ? ಗೆರೆ ಇದಕ್ಕೆ ನೇರ ಉತ್ತರ ಕೊಡಲ್ಲ. ಆದರೆ ಅದೇ ಅನಾಲಿಟಿಕ್ಸ್‌ನಲ್ಲಿ ನೋಡುಗರು ಎಲ್ಲಿಂದ ಬಂದರು ಅನ್ನೋ ಪಟ್ಟಿ ಇದೆ, ಒಂದೊಂದು ಮೂಲಕ್ಕೂ ಸರಾಸರಿ ಅವಧಿ ಪಕ್ಕದಲ್ಲೇ ಇರುತ್ತೆ. ನಮ್ಮ 640ರಲ್ಲಿ 260 ಹೊರಗಿನ ಲಿಂಕ್‌ನಿಂದ, ಹೆಚ್ಚುಕಡಿಮೆ ಎಲ್ಲಾ ವಾಟ್ಸಾಪ್. 300 ಯೂಟ್ಯೂಬ್ ಹುಡುಕಾಟದಿಂದ. ಉಳಿದ 80 ಬೇರೆ ಕಡೆಯಿಂದ.

ವಾಟ್ಸಾಪ್‌ನಿಂದ ಬಂದವರ ಸರಾಸರಿ 1:30. ಹುಡುಕಿ ಬಂದವರದ್ದು 5:35.

ವಾಟ್ಸಾಪ್‌ನವರು ಯಾರು? ನಾವೇ. ಕ್ಲಾಸ್ ಗ್ರೂಪ್, ಹಾಸ್ಟೆಲ್ ಗ್ರೂಪ್, ಮನೆಯವರ ಗ್ರೂಪ್‌ಗೆ "ಪ್ಲೀಸ್ ನೋಡಿ, ಲೈಕ್ ಮಾಡಿ" ಅಂತ ಹಾಕಿದ್ದೆವು. ಚಿಕ್ಕಮ್ಮ ಲಿಂಕ್ ಒತ್ತಿದ್ದು ನನ್ನ ಮುಖ ನೋಡೋಕೆ, ನೋಡಿ ಖುಷಿಪಟ್ಟು ಹೋದರು. ಅವರ ಮನೆ ಫ್ಯಾನ್ ಚೆನ್ನಾಗೇ ಇದೆ. ಆ 260 ಜನರ ದಾಕ್ಷಿಣ್ಯದ ವೀಕ್ಷಣೆ ಸರಾಸರಿಯನ್ನು ಕೆಳಗೆಳೆದಿತ್ತು, ಶುರುವಿನ ಪ್ರಪಾತದಲ್ಲೂ ಅವರ ಪಾಲು ದೊಡ್ಡದಿತ್ತು. ಫ್ಯಾನ್ ನಿಜವಾಗಿ ಕೆಟ್ಟವರು, ಕನ್ನಡದಲ್ಲೇ ಹುಡುಕಿ ಬಂದವರು, ನಮ್ಮ ಲೋಗೊ, ಭಾಷಣ, ಪಾಠ ಎಲ್ಲದರ ಮಧ್ಯೆ ದಾರಿ ಮಾಡಿಕೊಂಡು ಐದೂವರೆ ನಿಮಿಷ ನಮ್ಮ ಜೊತೆ ಇದ್ದರು. ಕನ್ನಡದಲ್ಲಿ ನೋಡೋರೇ ಇಲ್ಲ ಅಂತ ಈ ಅಂಕಿ ಇಟ್ಟುಕೊಂಡು ಹೇಳೋಕೆ ಸಾಧ್ಯವಿಲ್ಲ.

ಇದನ್ನು ಮುಂದಿನ ಸಭೆಯಲ್ಲಿ ತೋರಿಸಿದೆ. ಸೀನಿಯರ್ ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡ್ತಾ ಇದ್ದು, "ಸರಿ, ಮೊದಲು ಆ ಶಾಕ್ ವಿಷಯ ಸರಿಮಾಡ್ರಪ್ಪ" ಅಂದರು. ಅದೇ ಸರಿಯಾದ ಕ್ರಮ ಆಗಿತ್ತು.

ಪ್ರಕಟವಾದ ವಿಡಿಯೊವನ್ನು ಡಿಲೀಟ್ ಮಾಡಿ ಹೊಸದಾಗಿ ಹಾಕಿದರೆ ಲಿಂಕ್, ವೀಕ್ಷಣೆ, ಕಮೆಂಟ್ ಎಲ್ಲಾ ಹೋಗುತ್ತೆ. ಸ್ಟುಡಿಯೊದ ಎಡಿಟರ್‌ನಲ್ಲಿ ಹೋಗಬೇಕಾದ್ದಿಲ್ಲ, ಅದೇ ಲಿಂಕ್‌ನಲ್ಲೇ ಬೇಡದ ಭಾಗ ಕತ್ತರಿಸಬಹುದು. ಆದರೆ ಕತ್ತರಿಸೋಕಷ್ಟೇ ಸಾಧ್ಯ. ಹೊಸ ದೃಶ್ಯ ಸೇರಿಸೋಕಾಗಲ್ಲ, ಹಿಂದಿನದ್ದು ಮುಂದೆ ಇಡೋಕಾಗಲ್ಲ. ಹಾಗಾಗಿ ಎಚ್ಚರಿಕೆಯನ್ನು ಮೀಟರ್ ಪಕ್ಕಕ್ಕೆ ತರೋದು ಆಗಲಿಲ್ಲ. ಬದಲಿಗೆ ಅದರ ಮುಂದೆ ನಿಂತಿದ್ದ ಗೋಡೆ ಒಡೆದೆವು. ಲೋಗೊ ಮತ್ತು ಪರಿಚಯದ 65 ಸೆಕೆಂಡ್ ಪೂರ್ತಿ ಹೋಯ್ತು. ಪಾಠದಲ್ಲಿ ಮೊದಲ 35 ಸೆಕೆಂಡ್ ಉಳಿಸಿ, 1:40ರಿಂದ 3:35ರವರೆಗಿನ 115 ಸೆಕೆಂಡ್ ತೆಗೆದೆವು. 9:40ರ ನಂತರದ್ದೂ ಹೋಯ್ತು. 12 ನಿಮಿಷದ್ದು 6:40 ಆಯ್ತು. ವಿವರಣೆಯಲ್ಲಿ ಅಧ್ಯಾಯಗಳನ್ನು ಬರೆದೆವು:

```
00:00 ಫ್ಯಾನ್ ನಿಧಾನ ಆಗೋದು ಯಾಕೆ
00:40 ಮುಟ್ಟೋ ಮೊದಲು: ಮೇನ್ ಆಫ್, ಟೆಸ್ಟರ್
02:10 ಮೀಟರ್‌ನಲ್ಲಿ ಅಳೆಯೋದು
04:20 ರೀಡಿಂಗ್ ಅರ್ಥ, ಹೊಸದು ಹಾಕೋದು
```

ಅಧ್ಯಾಯ ಕಾಣಿಸಬೇಕಂದ್ರೆ ಮೊದಲನೆಯದು 00:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಪ್ರತಿಯೊಂದೂ ಕನಿಷ್ಠ 10 ಸೆಕೆಂಡ್ ಇರಬೇಕು. ಮೊದಲು ಕತ್ತರಿಸಿ ಆಮೇಲೆ ಸಮಯ ಬರೆಯಿರಿ. ನಾವು ಉಲ್ಟಾ ಮಾಡಿ, ಎಲ್ಲಾ ಸಮಯ ತಪ್ಪಾಗಿ ಮತ್ತೆ ಕೂತು ಬರೆದೆವು. ಅಧ್ಯಾಯ ಹಾಕಿದರೆ ಜನ ಇನ್ನೂ ಸುಲಭವಾಗಿ ಹಾರಿ ಹೋಗ್ತಾರೆ ಅಂತ ಒಬ್ಬ ಆಕ್ಷೇಪ ಎತ್ತಿದ. ನಿಜ. ಆದರೆ ಅವರು ಹೇಗಿದ್ರೂ ಹಾರ್ತಾ ಇದ್ದರು, ಕಣ್ಣು ಮುಚ್ಚಿಕೊಂಡು. ಈಗ ಹಾರುವಾಗ "ಮುಟ್ಟೋ ಮೊದಲು" ಅನ್ನೋ ಬೋರ್ಡ್ ಕಣ್ಣಿಗೆ ಬೀಳುತ್ತೆ. ಶಾಕ್ ವಿಷಯ ಮತ್ತು ಮೀಟರ್ ರೇಂಜ್ ಎರಡನ್ನೂ ಬರೆದು ಒಂದು ಕಮೆಂಟನ್ನು ಮೇಲೆ ಪಿನ್ ಮಾಡಿದೆವು. ಶಾಕ್ ಹೊಡೆಸಿಕೊಂಡವರಿಗೆ ಕ್ಷಮೆ ಕೇಳಿ ಉತ್ತರ ಬರೆದೆ.

ಒಂದು ತಿಂಗಳಾದ ಮೇಲೆ, ಕತ್ತರಿಸಿದ ದಿನದಿಂದ ಈಚೆಗಿನ ದಿನಾಂಕ ಮಾತ್ರ ಆರಿಸಿ ನೋಡಿದೆವು. ನೋಡಿದ ಸರಾಸರಿ ಪಾಲು ಶೇ. 32 ಇದ್ದದ್ದು 58. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಕರಾರು ಇರೋದು ಇಲ್ಲೇ.

ಈ ಶೇಕಡಾ ನಂಬೋಕಾಗಲ್ಲ. ಹಳೇ ಗೆರೆಯಲ್ಲಿ 9:35ರ ನಂತರದ್ದನ್ನು ಕತ್ತರಿಸಿಬಿಟ್ಟರೆ ಏನಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಆ ಭಾಗದ ಕ್ಷೇತ್ರಫಲ ಸುಮಾರು 15 ಸೆಕೆಂಡ್. ಸರಾಸರಿ 231ರಿಂದ 216ಕ್ಕೆ ಇಳಿಯುತ್ತೆ, ಉದ್ದ 720ರಿಂದ 575ಕ್ಕೆ. 216 ಭಾಗಿಸು 575 ಅಂದರೆ ಶೇ. 38 ಹತ್ತಿರ. ಒಬ್ಬೇ ಒಬ್ಬರು ಒಂದೇ ಒಂದು ಸೆಕೆಂಡ್ ಹೆಚ್ಚು ನೋಡಿಲ್ಲ, ಆದ್ರೂ 32 ಇದ್ದದ್ದು 38! ಛೇದ ಚಿಕ್ಕದಾದರೆ ಭಿನ್ನರಾಶಿ ದೊಡ್ಡದಾಗುತ್ತೆ, ಇದು ಹೈಸ್ಕೂಲ್ ಗಣಿತ.

ಹಾಗಾದ್ರೆ ಸರಾಸರಿ ಅವಧಿ ನಂಬಬಹುದಾ? ಒಟ್ಟು ಸರಾಸರಿ 3:51ರಿಂದ 3:54 ಆಗಿತ್ತು, ಅಂದರೆ ಅಲ್ಲೇ ಇದೆ. ಆದರೆ ಈ ತಿಂಗಳು ವಾಟ್ಸಾಪ್ ಮಂದಿ ಹೆಚ್ಚುಕಡಿಮೆ ಇರಲೇ ಇಲ್ಲ. ಹುಡುಕಿ ಬಂದವರನ್ನು ಮಾತ್ರ ಹೋಲಿಸಿದರೆ 5:35 ಇದ್ದದ್ದು 4:02ಕ್ಕೆ ಇಳಿದಿತ್ತು. 2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸಿನಲ್ಲಿ ಕ್ಲಿಕ್‌ಗಿಂತ ವಾಚ್ ಟೈಮ್‌ಗೆ ಹೆಚ್ಚು ತೂಕ ಕೊಡೋಕೆ ಶುರು ಮಾಡಿದ ಮೇಲೆ ಇದೇ ದೊಡ್ಡ ಅಂಕಿ ಅಂತ ಎಲ್ಲರೂ ಕಲಿತಿದ್ದೀವಿ. ಆ ಲೆಕ್ಕದಲ್ಲಿ ನಾವು ವಿಡಿಯೊವನ್ನು ಹಾಳು ಮಾಡಿದ್ದೀವಿ.

ನಾನು ಹಾಗಂದುಕೊಂಡಿಲ್ಲ. ನಾವು ಸರಿಪಡಿಸೋಕೆ ಹೊರಟಿದ್ದು ಹಳ್ಳವನ್ನು. ಮೊದಲು ಎಚ್ಚರಿಕೆಯ ಭಾಗದಿಂದ ಮೀಟರ್ ಕಡೆ ಹೋಗುವಾಗ ಗೆರೆ 30ರಿಂದ 39ಕ್ಕೆ ಹತ್ತುತ್ತಿತ್ತು, ಅಂದರೆ ಜನ ಎಚ್ಚರಿಕೆ ಹಾರಿ ಬರ್ತಾ ಇದ್ದರು. ಈಗ 60ರಿಂದ 62. ಹೆಚ್ಚುಕಡಿಮೆ ಸಮತಟ್ಟು. ಮೀಟರ್ ನೋಡಿದವರು ಬಹುತೇಕ ಎಲ್ಲರೂ ಮೇನ್ ಆಫ್ ಮಾಡೋದನ್ನು ನೋಡಿದ್ದಾರೆ. ವಾಟ್ಸಾಪ್ ಮಂದಿ ಹೋದದ್ದರಿಂದ ಗೆರೆ ಒಟ್ಟಾರೆ ಮೇಲೆ ಹೋಗಿರಬಹುದು, ಆದರೆ ಹಳ್ಳ ತುಂಬಿದ್ದಕ್ಕೆ ಅದು ಕಾರಣ ಆಗಲ್ಲ. ಹುಡುಕಿ ಬಂದವರಿಗೆ ಒಂದೂವರೆ ನಿಮಿಷ ಉಳೀತು, ಕೆಲಸ ಅಷ್ಟೇ ಆಯ್ತು, ಶಾಕ್ ಹೊಡೆಯೋ ಸಾಧ್ಯತೆ ಕಡಿಮೆಯಾಯ್ತು. ವಾಚ್ ಟೈಮ್ ಇಳಿದದ್ದು ಇಲ್ಲಿ ಸೋಲಲ್ಲ. ವಾಚ್ ಟೈಮ್ ಯೂಟ್ಯೂಬ್‌ಗೆ ಬೇಕಾದ ಅಂಕಿ. ನಿಮಗೆ ಬೇಕಾದ ಅಂಕಿ ಯಾವುದು ಅಂತ ಗ್ರಾಫ್ ತೆಗೆಯೋ ಮೊದಲೇ ತೀರ್ಮಾನ ಮಾಡದಿದ್ದರೆ, ಮೂರರಲ್ಲಿ ಯಾವುದು ಏರಿದೆಯೋ ಅದನ್ನೇ ಗೆಲುವು ಅಂತ ಕರೀತೀರಿ.

ಹೆಬ್ಬೆರಳ ಉಬ್ಬು ಇನ್ನೂ ಹಾಗೇ ಇದೆ. ಅದಕ್ಕೆ ಕತ್ತರಿ ಸಾಲಲ್ಲ, ಮತ್ತೆ ಶೂಟ್ ಮಾಡಬೇಕು.

ಒಂದು ಆಕ್ಷೇಪ ನನ್ನ ಮನಸ್ಸಲ್ಲೂ ಇದೆ. ಜನ ಪಾಠವನ್ನು ಹಾರಿದರು ಅಂತ ಪಾಠ ಕತ್ತರಿಸಿದೆವು. ಹೀಗೇ ಗೆರೆ ಹೇಳಿದ ಹಾಗೆ ಕತ್ತರಿಸ್ತಾ ಹೋದರೆ ಕೊನೆಗೆ ಉಳಿಯೋದು "ಇದನ್ನು ತೆಗೀರಿ, ಅದನ್ನು ಹಾಕಿ" ಮಾತ್ರ. ಅದಕ್ಕೆ ಬೀದಿ ಮೂಲೆಯ ಎಲೆಕ್ಟ್ರಿಷಿಯನ್ ನಮಗಿಂತ ಎಷ್ಟೋ ಮೇಲು. ಫೇಸ್ ಸರಿಯೋದು ಯಾಕೆ ಅಂತ ಕನ್ನಡದಲ್ಲಿ ಹೇಳೋರು ಕಡಿಮೆ ಅಂತಲೇ ಅಲ್ಲವಾ ಈ ಚಾನೆಲ್ ಶುರುವಾಗಿದ್ದು?

ಆದರೆ ಹಳ್ಳ ಹೇಳಿದ್ದು "ಪಾಠ ಬೇಡ" ಅಂತಲ್ಲ, "ಈಗ ಬೇಡ" ಅಂತ. ಮುಂದಿನ ವಿಡಿಯೊದಲ್ಲಿ ಅದನ್ನೇ ಪರೀಕ್ಷೆ ಮಾಡಿದೆವು. ದೋಸೆ ಹಿಟ್ಟು ರುಬ್ಬುವಾಗ ಮಿಕ್ಸಿ ಇದ್ದಕ್ಕಿದ್ದ ಹಾಗೆ ನಿಂತು ಹೋಗುತ್ತಲ್ಲ, ಅದರ ಬಗ್ಗೆ. ಏಳು ನಿಮಿಷದ ವಿಡಿಯೊ. ಲೋಗೊ ಇಲ್ಲ. ಮೊದಲ ದೃಶ್ಯದಲ್ಲೇ ಮಿಕ್ಸಿ ನಿಲ್ಲುತ್ತೆ. ಪ್ಲಗ್ ತೆಗೆದು, ಸ್ವಲ್ಪ ಆರೋಕೆ ಬಿಟ್ಟು, ತಳದಲ್ಲಿರೋ ಕೆಂಪು ಬಟನ್ ಒತ್ತುತ್ತೀವಿ, ಮತ್ತೆ ಓಡುತ್ತೆ. ಪ್ಲಗ್ ತೆಗೆಯೋದು ಪ್ರತ್ಯೇಕ ಭಾಗ ಅಲ್ಲ, ಬಟನ್ ಒತ್ತೋ ಅದೇ ಶಾಟ್‌ನೊಳಗೆ ಇದೆ. ಅದನ್ನು ಹಾರಬೇಕಂದ್ರೆ ಬಟನ್ ಅನ್ನೂ ಹಾರಬೇಕು. ಆಮೇಲೆ ಕೇಳಿದೆವು: ಒತ್ತಿದ್ದಕ್ಕೆ ಓಡಿತು ಸರಿ, ನಿಂತಿದ್ದು ಯಾಕೆ? ಅಲ್ಲಿಂದ ಪಾಠ. ಗಟ್ಟಿ ಹಿಟ್ಟು, ಲೋಡ್ ಹೆಚ್ಚು, ಕರೆಂಟ್ ಹೆಚ್ಚು, ಓವರ್‌ಲೋಡ್ ಪ್ರೊಟೆಕ್ಟರ್ ಬಿಸಿಯಾಗಿ ಸರ್ಕ್ಯೂಟ್ ಕಡಿಯೋದು.

30ನೇ ಸೆಕೆಂಡಿಗೆ ಶೇ. 71 ಉಳಿದರು. ಬಟನ್ ಒತ್ತಿದ ಮೇಲೆ ಒಂದಷ್ಟು ಜನ ಹೋದರು, ಅವರ ಹಿಟ್ಟು ಕಾಯ್ತಾ ಇತ್ತು ಪಾಪ. ಆದರೆ ಉಳಿದವರು ಪಾಠದ ಉದ್ದಕ್ಕೂ ಉಳಿದರು, ಹಳ್ಳ ಬೀಳಲೇ ಇಲ್ಲ. ಫ್ಯಾನ್ ವಿಡಿಯೊದಲ್ಲಿ ಅದೇ ಮಟ್ಟದ ಥಿಯರಿ ಭಾರವಾಗಿತ್ತು, ಇಲ್ಲಿ ಆಗಲಿಲ್ಲ. ಉತ್ತರದ ಮೊದಲು ಪ್ರಶ್ನೆ ಹುಟ್ಟಿತ್ತು ಅನ್ನೋದು ನನ್ನ ಊಹೆ. ಎರಡು ವಿಡಿಯೊ ಇಟ್ಟುಕೊಂಡು ಸಾಬೀತಾಯ್ತು ಅನ್ನೋಕಾಗಲ್ಲ, ವಿಷಯ ಬೇರೆ, ಉದ್ದ ಬೇರೆ, ಈ ಸಲ ವಾಟ್ಸಾಪ್ ಗ್ರೂಪ್‌ಗಳಿಗೂ ಹಾಕಿರಲಿಲ್ಲ. ಇನ್ನೂ ಮೂರು ವಿಡಿಯೊ ಹೀಗೇ ಮಾಡಿ ನೋಡೋಣ ಅಂತ ಸಭೆಯಲ್ಲಿ ಒಪ್ಪಿಗೆ ಆಗಿದೆ. ಕನ್ನಡದಲ್ಲೇ.

ಮುಂದಿನದು ಫ್ಯಾನ್ ಕೆಪಾಸಿಟರ್, ಮೊದಲಿಂದ ಹೊಸದಾಗಿ ಶೂಟ್. ನಾಬ್ ತಿರುಗಿಸೋನು ಹೆಬ್ಬೆರಳು ಎಲ್ಲಿಡಬೇಕು ಅಂತ ಸ್ಕ್ರಿಪ್ಟ್‌ನಲ್ಲೇ ಬರೆದಿದ್ದೀವಿ.